ಮೇಷ್ಟ್ರ ಒಂದು ವಾರವನ್ನು ಅಳೆಯುವುದು ಹೇಗೆ?

ಪಾಠಕ್ಕಿಂತ ಬೇರೆ ಕೆಲಸವೇ ಹೆಚ್ಚಾಗಿದೆ ಎಂದು ಸರ್ಕಾರಿ ಶಾಲೆಯ ಶಿಕ್ಷಕರು ಹೇಳುತ್ತಲೇ ಬಂದಿದ್ದಾರೆ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಮತಗಟ್ಟೆ ಅಧಿಕಾರಿಯ ಹೊಣೆ, ಸಮೀಕ್ಷೆ, ವಾಟ್ಸ್‌ಆ್ಯಪ್‌ನಲ್ಲಿ ತುರ್ತಾಗಿ ಕೇಳುವ ವರದಿ, ಹೀಗೆ ಪಟ್ಟಿ ಉದ್ದವಿದೆ. ಈ ಹೊರೆ ಎಷ್ಟೆಂದು ಒಂದು ತಾಲ್ಲೂಕಿನ ಮಟ್ಟಿಗೆ ತಿಳಿಯಲು ಎಂ.ಎಡ್. ವಿದ್ಯಾರ್ಥಿಯೊಬ್ಬರು ಹೊರಟಿದ್ದಾರೆ ಎಂದುಕೊಳ್ಳೋಣ. ಅವರಿಗೆ 40 ಶಿಕ್ಷಕರನ್ನು ಮುಟ್ಟುವಷ್ಟು ಸಮಯವಿದೆ. ಅಷ್ಟರಲ್ಲೇ ನಂಬುವಂಥ ಉತ್ತರ ಸಿಗಬೇಕಾದರೆ ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬ ಎರಡೂ ಸರಿಯಾಗಿರಬೇಕು.

ನೆನಪಿಗೆ ನಿಲುಕುವ ಪ್ರಶ್ನೆ

ಅನೇಕ ಪ್ರಶ್ನಾವಳಿಗಳಲ್ಲಿ ಕಾಣುವ ಪ್ರಶ್ನೆ ಇದು: ‘ಶೈಕ್ಷಣೇತರ ಕೆಲಸಗಳಿಂದ ನಿಮ್ಮ ಮೇಲೆ ಹೊರೆ ಮತ್ತು ಒತ್ತಡ ಹೆಚ್ಚಾಗಿದೆಯೇ?’ ಇದಕ್ಕೆ ಬಹುತೇಕ ಎಲ್ಲರೂ ಹೌದು ಎನ್ನುತ್ತಾರೆ. ಹೊರೆ, ಒತ್ತಡ ಎಂಬ ಎರಡು ಸಂಗತಿಗಳು ಒಂದೇ ಪ್ರಶ್ನೆಯಲ್ಲಿ ಸೇರಿಕೊಂಡಿವೆ, ಉತ್ತರ ಯಾವುದೆಂಬ ಸುಳಿವೂ ಅದರಲ್ಲೇ ಇದೆ. ‘ಸಾಮಾನ್ಯವಾಗಿ ವಾರಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ?’ ಎಂದು ಕೇಳಿದರೂ ಕಷ್ಟ. ತುಂಬ ಸುಸ್ತಾದ ಒಂದು ವಾರ ಮನಸ್ಸಿಗೆ ಬರುತ್ತದೆ, ಅದೇ ‘ಸಾಮಾನ್ಯ’ ವಾರವಾಗಿಬಿಡುತ್ತದೆ.

ಅಂತಾರಾಷ್ಟ್ರೀಯ ಮಟ್ಟದ ಶಿಕ್ಷಕರ ಸಮೀಕ್ಷೆಯಾದ ಟಾಲಿಸ್‌ನಲ್ಲಿ ಈ ಕಾರಣಕ್ಕೇ ಇತ್ತೀಚೆಗೆ ಮುಗಿದ ಒಂದು ಪೂರ್ಣ ವಾರದ ಲೆಕ್ಕ ಕೇಳುತ್ತಾರೆ. ನಮ್ಮ ಪ್ರಶ್ನೆಯೂ ಹಾಗೇ ಇರಲಿ: ‘ಕಳೆದ ಸೋಮವಾರದಿಂದ ಭಾನುವಾರದವರೆಗೆ, ಮನೆಯಲ್ಲಿ ಮಾಡಿದ್ದೂ ಸೇರಿ, ಈ ಕೆಳಗಿನ ಪ್ರತಿ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು?’ ಅದರ ಕೆಳಗೆ ಪಾಠ ಮಾಡಿದ್ದು, ಪಾಠದ ಸಿದ್ಧತೆ, ಪುಸ್ತಕ ತಿದ್ದಿದ್ದು, ಬಿಸಿಯೂಟ ಮತ್ತು ಹಾಲಿನ ಉಸ್ತುವಾರಿ, ಆನ್‌ಲೈನ್ ಮಾಹಿತಿ, ಕಾಗದದ ದಾಖಲೆ, ಸಭೆ ಮತ್ತು ತರಬೇತಿ, ಚುನಾವಣೆ ಅಥವಾ ಸಮೀಕ್ಷೆಯ ಕೆಲಸ ಎಂದು ಎಂಟು ಸಾಲು, ಕೊನೆಗೆ ‘ಇತರೆ’ ಎಂಬ ಖಾಲಿ ಸಾಲು.

ಸಾಲುಗಳನ್ನು ಹೀಗೆ ಬಿಡಿಸಲು ಕಾರಣವಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದಿದೆ. ಆ 45 ಗಂಟೆ ಬೋಧನೆ ಮತ್ತು ಅದರ ಸಿದ್ಧತೆಗೆ ಸಂಬಂಧಿಸಿದ್ದು. ಬಿಸಿಯೂಟ, ದಾಖಲೆ ಎಲ್ಲ ಕೂಡಿದ ಒಟ್ಟು ಮೊತ್ತವನ್ನು ಅದರೊಂದಿಗೆ ಹೋಲಿಸಿದರೆ ತಪ್ಪಾಗುತ್ತದೆ. ಅದೇ ಕಾಯ್ದೆಯ 27ನೇ ಕಲಂ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಆದ್ದರಿಂದ ಎಂಟನೇ ಸಾಲಿನಲ್ಲಿ ಯಾವ ಕೆಲಸ ಎಂದು ಬರೆಸಿಕೊಳ್ಳಲೇಬೇಕು.

ಮಕ್ಕಳು ಊಟಕ್ಕೆ ಕೂತಾಗ ಶಿಕ್ಷಕಿ ಉಸ್ತುವಾರಿ ನೋಡುತ್ತಲೇ ಪುಸ್ತಕ ತಿದ್ದುತ್ತಾರೆ. ಆ ಅರ್ಧ ಗಂಟೆ ಎರಡೂ ಸಾಲಿಗೆ ಸೇರಿದರೆ ಮೊತ್ತ ಉಬ್ಬುತ್ತದೆ. ‘ಎರಡು ಕೆಲಸ ಒಟ್ಟಿಗೆ ನಡೆದರೆ ಮುಖ್ಯವಾದದ್ದರ ಎದುರು ಮಾತ್ರ ಬರೆಯಿರಿ’ ಎಂಬ ಸೂಚನೆ ಬೇಕು. ವಾರದ ಒಟ್ಟು 80 ಗಂಟೆ ದಾಟಿದರೆ ಲೆಕ್ಕ ಎರಡೆರಡು ಸಲ ಬಂದಿರಬಹುದು. ಅವರನ್ನೇ ಮತ್ತೆ ಕೇಳಿ ನೋಡಬೇಕು.

ಪ್ರಶ್ನಾವಳಿ ಹಂಚುವ ಮೊದಲು ಅಧ್ಯಯನಕ್ಕೆ ಸೇರದ ನಾಲ್ಕೈದು ಶಿಕ್ಷಕರಿಂದ ತುಂಬಿಸಿ, ತುಂಬುವಾಗ ಮನಸ್ಸಿನಲ್ಲಿ ಏನು ಓಡುತ್ತಿದೆಯೋ ಅದನ್ನು ಬಾಯಿಬಿಟ್ಟು ಹೇಳಲು ಕೇಳಬೇಕು. ಒಬ್ಬರು ಪಾಠದ ಸಿದ್ಧತೆ ಎಂದರೆ ಪಾಠಯೋಜನೆ ಬರೆಯುವುದು ಎಂದುಕೊಂಡು, ಇನ್ನೊಬ್ಬರು ನಲಿ–ಕಲಿ ಕಾರ್ಡು ಜೋಡಿಸಿದ್ದನ್ನೂ ಅದರಲ್ಲೇ ಸೇರಿಸಿದರೆ, ಆ ಸಾಲಿಗೆ ಉದಾಹರಣೆ ಬರೆದು ಸ್ಪಷ್ಟಪಡಿಸಬೇಕು.

ಮಾತಿಗೆ ಕೂರುವಾಗ

ಪ್ರಶ್ನಾವಳಿಯಿಂದ ಗಂಟೆಗಳು ತಿಳಿಯುತ್ತವೆ. ಆ ಗಂಟೆಗಳನ್ನು ಎಲ್ಲಿಂದ ಕಡಿದು ತಂದರು ಎಂಬುದು ಮಾತಿನಲ್ಲೇ ತಿಳಿಯಬೇಕು. ಇದಕ್ಕೆ ಎಂಟು ಜನ ಸಾಕು. ಆದರೆ ಅವರನ್ನು ಚೀಟಿ ಎತ್ತಿ ಆರಿಸುವುದಿಲ್ಲ, ಬೇರೆ ಬೇರೆ ಪರಿಸ್ಥಿತಿಯವರು ಬರುವಂತೆ ನೋಡಿ ಆರಿಸುತ್ತಾರೆ: ಏಕೋಪಾಧ್ಯಾಯ ಶಾಲೆಯವರು, ಮತಗಟ್ಟೆ ಹೊಣೆ ಇರುವವರು, ಪ್ರಭಾರ ಮುಖ್ಯ ಶಿಕ್ಷಕರು, ಅತಿಥಿ ಶಿಕ್ಷಕರು.

‘ಮೇಡಂ, ನಿನ್ನೆ ಶಾಲೆಗೆ ಬಂದಾಗಿನಿಂದ ಒಂದೊಂದಾಗಿ ಹೇಳ್ತೀರಾ?’ ಎಂದು ಶುರುಮಾಡುವುದು ಒಳ್ಳೆಯದು. ಎರಡನೇ ಪೀರಿಯಡ್‌ನಲ್ಲಿ ತುರ್ತು ವರದಿ ಕಳಿಸಬೇಕಾಯಿತು ಎಂದು ಅವರು ಹೇಳಿದಾಗ ‘ಆ ಹೊತ್ತಿನಲ್ಲಿ ಮಕ್ಕಳು ಏನು ಮಾಡ್ತಿದ್ರು?’ ಎಂದು ಕೇಳಬೇಕು. ಕೆಲಸದ ಹೊರೆ ಕಲಿಕೆಯನ್ನು ಎಲ್ಲಿ ತಟ್ಟುತ್ತದೆ ಎಂಬುದು ಈ ಒಂದು ಪ್ರಶ್ನೆಯಿಂದ ಹೊರಬರುತ್ತದೆ. ಮುಂದೆ, ರಾತ್ರಿ ಮನೆಯಲ್ಲಿ ಮಾಡಿದ್ದೇನು, ಯಾವ ಕೆಲಸ ಬಿಟ್ಟುಹೋಯಿತು, ಯಾವುದನ್ನು ಬೇರೆಯವರು ಮಾಡಬಹುದಿತ್ತು ಎಂದು ಸಾಗಬಹುದು. ಬೇಸರ, ದಣಿವಿನ ಪ್ರಶ್ನೆ ಕೊನೆಗಿರಲಿ. ಮೊದಲೇ ಕೇಳಿದರೆ ಮುಂದಿನ ಮಾತೆಲ್ಲ ದೂರಿನ ದಾರಿ ಹಿಡಿಯುತ್ತದೆ. ಮಾತುಕತೆ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ನಡೆಯಬಾರದು. ಒಪ್ಪಿಗೆ ಇಲ್ಲದೆ ಧ್ವನಿಮುದ್ರಣವೂ ಬೇಡ.

ನಲವತ್ತು ಜನ ಏನು ಹೇಳಬಲ್ಲರು?

ತಾಲ್ಲೂಕಿನಲ್ಲಿ 200 ಶಾಲೆಗಳಿವೆ ಎಂದಿಟ್ಟುಕೊಳ್ಳೋಣ. 120 ಸಣ್ಣ ಶಾಲೆಗಳಲ್ಲಿ ತಲಾ ಇಬ್ಬರಂತೆ 240 ಶಿಕ್ಷಕರು, 80 ದೊಡ್ಡ ಶಾಲೆಗಳಲ್ಲಿ ತಲಾ ಎಂಟರಂತೆ 640 ಶಿಕ್ಷಕರು. ಎರಡೂ ಗುಂಪಿನಿಂದ ಚೀಟಿ ಎತ್ತಿ ಹತ್ತು ಹತ್ತು ಶಾಲೆ, ಪ್ರತಿ ಶಾಲೆಯಿಂದ ಇಬ್ಬರು ಎಂದರೆ 40 ಜನ. ಸಣ್ಣ ಶಾಲೆಯವರ ಸರಾಸರಿ 52 ಗಂಟೆ, ದೊಡ್ಡ ಶಾಲೆಯವರದು 44 ಗಂಟೆ ಬಂತು ಎನ್ನೋಣ. ನಲವತ್ತೂ ಜನರ ನೇರ ಸರಾಸರಿ 48. ಆದರೆ ತಾಲ್ಲೂಕಿನಲ್ಲಿ ದೊಡ್ಡ ಶಾಲೆಯ ಶಿಕ್ಷಕರೇ ಬಹಳ. ಅವರ ಸಂಖ್ಯೆಗೆ ತಕ್ಕ ತೂಕ ಕೊಟ್ಟು ಲೆಕ್ಕ ಹಾಕಿದರೆ ಸರಾಸರಿ ಸುಮಾರು 46ಕ್ಕೆ ಇಳಿಯುತ್ತದೆ. ತೂಕ ಕೊಡದಿದ್ದರೆ ಯಾರೂ ಸುಳ್ಳು ಹೇಳದೆಯೇ ಎರಡು ಗಂಟೆ ಹೆಚ್ಚಾಗಿ ಕಾಣುತ್ತದೆ.

ಶೇಕಡಾವಾರು ಲೆಕ್ಕದಲ್ಲಿ ಇನ್ನೂ ಎಚ್ಚರ ಬೇಕು. 40 ಜನರಲ್ಲಿ 20 ಜನ ಭಾನುವಾರವೂ ಶಾಲೆಯ ಕೆಲಸ ಮಾಡಿದೆವು ಎಂದರೆ, ಯಾದೃಚ್ಛಿಕವಾಗಿ ಆರಿಸಿದ ಮಾದರಿಯಲ್ಲೂ ನಿಜವಾದ ಪ್ರಮಾಣ ಶೇ. 35ರಿಂದ 65ರ ನಡುವೆ ಎಲ್ಲಾದರೂ ಇರಬಹುದು. ಒಂದೇ ಶಾಲೆಯ ಇಬ್ಬರ ವಾರ ಒಂದರಂತೆ ಇನ್ನೊಂದಿರುವುದರಿಂದ ಈ ಅಂತರ ಮತ್ತಷ್ಟು ಹಿಗ್ಗುತ್ತದೆ.

ಹೆಚ್ಚು ಜನರನ್ನು ಸೇರಿಸಿದರೂ ನೀಗದ ಮಿತಿಗಳಿವೆ. ಹೆಚ್ಚು ಕೆಲಸವಿರುವ ಶಿಕ್ಷಕರಿಗೇ ನಮೂನೆ ತುಂಬಲು ಪುರುಸೊತ್ತಿರುವುದಿಲ್ಲ. ಅವರ ಬದಲು ಬಿಡುವಾಗಿದ್ದವರಿಂದ ತುಂಬಿಸಿದರೆ ಹೊರೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಸಮಾಲೋಚನಾ ಸಭೆಯಲ್ಲಿ ಹಂಚುವುದು ಸುಲಭ, ಆದರೆ ಸಿಆರ್‌ಪಿ ಎದುರಿಗಿದ್ದಾಗ ಬರೆದ ಉತ್ತರದಲ್ಲಿ ಅಳುಕಿರುತ್ತದೆ. ಯಾರು ಉತ್ತರಿಸಲಿಲ್ಲ, ಯಾವ ಬಗೆಯ ಶಾಲೆಯವರು ಎಂದು ಬರೆದಿಡುವುದೇ ಇಲ್ಲಿ ಉಳಿದ ದಾರಿ.

ವಾರದ ಆಯ್ಕೆಯೂ ಅಷ್ಟೇ ಮುಖ್ಯ. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆ ತಿರುಗಿದರು. ಆ ವಾರದ ಲೆಕ್ಕ ನವೆಂಬರಿಗೆ ಹೊಂದುವುದಿಲ್ಲ, ದಾಖಲಾತಿಯ ಜೂನ್ ತಿಂಗಳ ಲೆಕ್ಕ ಜನವರಿಗೆ ಹೊಂದುವುದಿಲ್ಲ. ಇಪ್ಪತ್ತು ಶಾಲೆಗಳನ್ನು ಮೂರು ಬೇರೆ ಬೇರೆ ವಾರಗಳಿಗೆ ಹಂಚಿದರೆ ಈ ದೋಷ ಸ್ವಲ್ಪ ತಗ್ಗುತ್ತದೆ.

ಆದ್ದರಿಂದ ವರದಿಯಲ್ಲಿ ‘ಕರ್ನಾಟಕದ ಅರ್ಧದಷ್ಟು ಶಿಕ್ಷಕರು ಭಾನುವಾರವೂ ದುಡಿಯುತ್ತಾರೆ’ ಎಂದು ಬರೆಯುವಂತಿಲ್ಲ. ‘ಈ ತಾಲ್ಲೂಕಿನಲ್ಲಿ, ನವೆಂಬರಿನ ಮೂರು ವಾರಗಳಲ್ಲಿ, ಉತ್ತರಿಸಿದ 40 ಶಿಕ್ಷಕರ ಪೈಕಿ ಸಣ್ಣ ಶಾಲೆಯವರು ದೊಡ್ಡ ಶಾಲೆಯವರಿಗಿಂತ ಸರಾಸರಿ ಎಂಟು ಗಂಟೆ ಹೆಚ್ಚು ದುಡಿದರು, ಆ ಹೆಚ್ಚಿನ ಗಂಟೆಗಳು ಯಾವ ಕೆಲಸಕ್ಕೆ ಹೋದವು ಎಂಬುದು ಮುಂದಿನ ಪಟ್ಟಿಯಲ್ಲಿದೆ’ ಎಂದು ಬರೆಯಬಹುದು. ಇಷ್ಟನ್ನು ಹಿಡಿದುಕೊಂಡು ಹೋದರೆ ಸಣ್ಣ ಶಾಲೆಗಳ ಯಾವ ಕೆಲಸವನ್ನು ಬೇರೆಯವರಿಗೆ ವಹಿಸಬೇಕು ಎಂದು ಬಿಇಒ ಅವರೊಂದಿಗೆ ಚರ್ಚಿಸಲು ಸಾಧ್ಯ.