ಎಂಬತ್ತಾರರಲ್ಲೇ ನಿಂತ ಸೂಚಕ

2020ರ ನವೆಂಬರ್ ತಿಂಗಳಲ್ಲಿ ಮುಂಬೈ ಷೇರು ಪೇಟೆಗೆ ವಿದೇಶಿ ಹಣ ಹೊಳೆಯಾಗಿ ಹರಿಯಿತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಗೊಂದಲ ತಿಳಿಯಾಗಿತ್ತು. ಕೋವಿಡ್ ಲಸಿಕೆ ಕೆಲಸ ಮಾಡುತ್ತಿದೆ ಎಂಬ ಫೈಜರ್ ಕಂಪನಿಯ ಸುದ್ದಿ ನವೆಂಬರ್ 9ರಂದು ಹೊರಬಿದ್ದಿತ್ತು. ಆ ಒಂದೇ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ಇಲ್ಲಿ 60 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ಷೇರು ಖರೀದಿಸಿದರು. ಅಕ್ಟೋಬರ್ ಕೊನೆಗೆ 11,642ರಲ್ಲಿದ್ದ ನಿಫ್ಟಿ, ನವೆಂಬರ್ 19ಕ್ಕೆ 12,772 ತಲುಪಿತು.

ಇಂಥ ಏರಿಕೆಯ ಹೊತ್ತಿನಲ್ಲಿ ಚಾರ್ಟ್ ನೋಡುವವರ ನಡುವೆ ಒಂದು ಮಾತು ತಪ್ಪದೆ ಓಡಾಡುತ್ತದೆ: ‘ಆರ್‌ಎಸ್‌ಐ ಎಪ್ಪತ್ತು ದಾಟಿದೆ, ಪೇಟೆ ಓವರ್‌ಬಾಟ್ ಆಗಿದೆ, ಇನ್ನು ಇಳಿಯಲೇಬೇಕು.’ ಮಿತಿಮೀರಿ ಖರೀದಿ ಆಗಿದೆ ಎಂಬುದು ಓವರ್‌ಬಾಟ್ ಪದದ ಅರ್ಥ. ಆದರೆ ಆರ್‌ಎಸ್‌ಐ ಎಂಬ ಲೆಕ್ಕದೊಳಗೆ ಎಷ್ಟು ಖರೀದಿಯಾಯಿತು ಎಂಬ ಅಂಕಿ ಎಲ್ಲಿಯೂ ಇಲ್ಲ. ಷೇರಿನ ಬೆಲೆ ದುಬಾರಿಯೋ ಅಗ್ಗವೋ ಎಂಬುದೂ ಅದಕ್ಕೆ ಗೊತ್ತಿಲ್ಲ. ಅದು ನಿಜವಾಗಿ ಏನನ್ನು ಅಳೆಯುತ್ತದೆ ಎಂದು ತಿಳಿಯಲು ಆ ನವೆಂಬರ್‌ನ ಲೆಕ್ಕವನ್ನು ಕೈಯಾರೆ ಮಾಡಿ ನೋಡುವುದೇ ಒಳ್ಳೆಯದು. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಈ ಸೂಚಕವನ್ನು ರೂಪಿಸಿದವರು ಅಮೆರಿಕದ ಜೆ. ವೆಲ್ಸ್ ವೈಲ್ಡರ್. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಹೆಸರು ಮಾಡಿದ್ದು ಪೇಟೆಯ ಲೆಕ್ಕಾಚಾರದಲ್ಲಿ. 1978ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಈ ಲೆಕ್ಕವನ್ನು ವಿವರಿಸಿದರು. ಆಗ ವಹಿವಾಟುದಾರರ ಮೇಜಿನ ಮೇಲೆ ಕಂಪ್ಯೂಟರ್ ಇರಲಿಲ್ಲ, ಇದ್ದದ್ದು ಕಾಗದ ಮತ್ತು ಪುಟ್ಟ ಕ್ಯಾಲ್ಕುಲೇಟರ್. ಲೆಕ್ಕ ಇಷ್ಟು ಸರಳವಾಗಿರುವುದಕ್ಕೆ ಅದೂ ಒಂದು ಕಾರಣ.

ವೈಲ್ಡರ್ ತೆಗೆದುಕೊಂಡದ್ದು 14 ದಿನಗಳ ಅವಧಿ. ಪ್ರತಿದಿನದ ಮುಕ್ತಾಯದ ಬೆಲೆಯನ್ನು ಹಿಂದಿನ ದಿನದ್ದರ ಜೊತೆ ಹೋಲಿಸಬೇಕು. ಏರಿದ್ದರೆ ಎಷ್ಟು ಏರಿತು ಎಂಬುದನ್ನು ಒಂದು ಸಾಲಿನಲ್ಲಿ, ಇಳಿದಿದ್ದರೆ ಎಷ್ಟು ಇಳಿಯಿತು ಎಂಬುದನ್ನು ಇನ್ನೊಂದು ಸಾಲಿನಲ್ಲಿ ಬರೆಯಬೇಕು. ನವೆಂಬರ್ 2ರಿಂದ 19ರವರೆಗೆ, ದೀಪಾವಳಿಯ ಮುಹೂರ್ತ ವಹಿವಾಟೂ ಸೇರಿ, ಸರಿಯಾಗಿ 14 ದಿನ ಪೇಟೆ ತೆರೆದಿತ್ತು. ಅದರಲ್ಲಿ 12 ದಿನ ನಿಫ್ಟಿ ಏರಿತು. ಆ ಏರಿಕೆಗಳನ್ನೆಲ್ಲ ಕೂಡಿದರೆ ಸುಮಾರು 1,354 ಅಂಶ. ಇಳಿದದ್ದು ಎರಡೇ ದಿನ: 12ರಂದು 58, 19ರಂದು 167, ಒಟ್ಟು 225 ಅಂಶ. ಎರಡನ್ನೂ 14ರಿಂದ ಭಾಗಿಸಿದರೆ ಸರಾಸರಿ ಏರಿಕೆ 97, ಸರಾಸರಿ ಇಳಿಕೆ 16. ಇಳಿದದ್ದು ಎರಡೇ ದಿನವಾದರೂ ಭಾಗಿಸುವುದು 14ರಿಂದಲೇ. ಇಲ್ಲಿ ಹಲವರು ಎಡವುತ್ತಾರೆ.

ಏರಿಕೆಯ ಸರಾಸರಿಯನ್ನು ಇಳಿಕೆಯ ಸರಾಸರಿಯಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ವೈಲ್ಡರ್ RS ಎಂದು ಹೆಸರಿಟ್ಟರು. ನಮ್ಮ ಉದಾಹರಣೆಯಲ್ಲಿ ಅದು 6. ಅದನ್ನು ಸೊನ್ನೆಯಿಂದ ನೂರರೊಳಗೆ ಕೂರಿಸಲು ಅವರು ಬರೆದ ಸೂತ್ರ ಇದು:

```
RSI = 100 - 100 / (1 + RS)
```

6 ಎಂದು ಹಾಕಿದರೆ ಉತ್ತರ ಸುಮಾರು 86. ಸೂತ್ರ ನೋಡಲು ಒರಟಾಗಿದ್ದರೂ ಹೇಳುವುದು ಒಂದೇ ಸಂಗತಿ. ಪೇಟೆ ಮೇಲಕ್ಕೂ ಕೆಳಕ್ಕೂ ಸೇರಿ ಒಟ್ಟು 1,579 ಅಂಶ ಓಡಾಡಿತು. ಅದರಲ್ಲಿ 1,354 ಅಂಶ, ಅಂದರೆ ಶೇ 86, ಮೇಲ್ಮುಖವಾಗಿತ್ತು. ಆರ್‌ಎಸ್‌ಐ ಎಂದರೆ ಇಷ್ಟೇ: ಒಟ್ಟು ಓಡಾಟದಲ್ಲಿ ಏರಿಕೆಯ ಪಾಲು. 70 ಎಂಬ ಗಡಿಗೆರೆಯೂ ಹಾಗೆಯೇ. ಹತ್ತರಲ್ಲಿ ಏಳು ಪಾಲು ಓಟ ಮೇಲಕ್ಕಾಯಿತು ಎಂದು ಅದು ಹೇಳುತ್ತದೆಯೇ ಹೊರತು, ಇನ್ನು ಏರಲು ಜಾಗವಿಲ್ಲ ಎಂದಲ್ಲ.

ಹದಿನೈದನೇ ದಿನದಿಂದ ಲೆಕ್ಕದ ದಾರಿ ಸ್ವಲ್ಪ ಬದಲಾಗುತ್ತದೆ. ಹಳೆಯ ದಿನವೊಂದನ್ನು ಕೈಬಿಟ್ಟು ಹೊಸದನ್ನು ಸೇರಿಸುವ ಬದಲು, ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನ ಏರಿಕೆಯನ್ನು ಕೂಡಿ, 14ರಿಂದ ಭಾಗಿಸಬೇಕು. ಇಳಿಕೆಗೂ ಇದೇ ಕ್ರಮ. ಪೇಟೆ ಏರಿದ ದಿನ ಇಳಿಕೆಯ ಸಾಲಿಗೆ ಸೊನ್ನೆ ಸೇರುತ್ತದೆ. ಹದಿನಾಲ್ಕು ದಿನಗಳ ಅಂಕಿ ಇಟ್ಟುಕೊಳ್ಳಬೇಕಿಲ್ಲ, ನಿನ್ನೆಯ ಎರಡು ಸಂಖ್ಯೆ ಸಾಕು. ಆದರೆ ಇದರಿಂದ ಹಳೆಯ ದಿನಗಳ ನೆನಪು ಒಮ್ಮೆಲೇ ಅಳಿಸಿಹೋಗುವುದಿಲ್ಲ, ದಿನಕ್ಕೆ ಹದಿನಾಲ್ಕನೇ ಒಂದು ಪಾಲಿನಂತೆ ಸವೆಯುತ್ತದೆ. ನಾವು ನವೆಂಬರ್ 2ರಿಂದ ಹೊಸದಾಗಿ ಲೆಕ್ಕ ಶುರುಮಾಡಿದ್ದರಿಂದ 86 ಬಂತು. ವರ್ಷಗಳ ಅಂಕಿ ಇರುವ ಚಾರ್ಟ್‌ಗಳಲ್ಲಿ ಅಕ್ಟೋಬರ್‌ನ ಇಳಿಕೆಗಳ ನೆನಪು ಇನ್ನೂ ಉಳಿದಿರುವುದರಿಂದ ಅದೇ ದಿನದ ಸಂಖ್ಯೆ ಕಡಿಮೆ ಕಾಣುತ್ತದೆ. ಒಂದೇ ಷೇರಿಗೆ ಎರಡು ಆ್ಯಪ್‌ಗಳು ಬೇರೆಬೇರೆ ಆರ್‌ಎಸ್‌ಐ ತೋರಿಸಿದರೆ, ಲೆಕ್ಕ ಎಲ್ಲಿಂದ ಆರಂಭವಾಯಿತು ಎಂಬುದನ್ನು ಮೊದಲು ವಿಚಾರಿಸಬೇಕು. ದಿನ ಕಳೆದಂತೆ ಈ ಅಂತರ ತಾನಾಗಿ ಕರಗುತ್ತದೆ.

ಈಗ ಮುಖ್ಯ ವಿಷಯ. 86ಕ್ಕೆ ಏರಿದ ಸೂಚಕ ಇಳಿಯಲು ಏನಾಗಬೇಕು?

ಪೇಟೆ ಸುಮ್ಮನೆ ನಿಂತರೆ ಸಾಲದು. ಒಂದು ದಿನ ನಿಫ್ಟಿ ಏರದೆ, ಇಳಿಯದೆ ಮುಗಿಯಿತು ಎಂದುಕೊಳ್ಳಿ. ಎರಡೂ ಸಾಲಿಗೆ ಸೊನ್ನೆ ಸೇರುತ್ತದೆ, ಎರಡೂ ಸರಾಸರಿಗಳು ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಪಾಲು ಬದಲಾಗುವುದಿಲ್ಲ, ಆರ್‌ಎಸ್‌ಐ ಇದ್ದಲ್ಲೇ ಇರುತ್ತದೆ. ಕಾದಷ್ಟೂ ಬಿಸಿ ಆರುತ್ತದೆ ಎಂಬ ನಂಬಿಕೆಗೆ ಈ ಸೂತ್ರದಲ್ಲಿ ಆಧಾರವಿಲ್ಲ. ಏರಿಕೆಯ ವೇಗ ತಗ್ಗಿದರೂ ಸಾಲದು. ಅಲ್ಪಸ್ವಲ್ಪ ಏರಿದರೂ ಇಳಿಕೆಯ ಸರಾಸರಿ ಸವೆಯುತ್ತದೆ, ಆದ್ದರಿಂದ ಏರಿಕೆಯ ಪಾಲು ಹೆಚ್ಚುತ್ತದೆ. ಆರ್‌ಎಸ್‌ಐ ಇಳಿಯಬೇಕಾದರೆ ಬೆಲೆ ಇಳಿಯಲೇಬೇಕು.

ನವೆಂಬರ್ 20ರಿಂದ ಡಿಸೆಂಬರ್ 18ರವರೆಗಿನ 20 ವಹಿವಾಟಿನ ದಿನಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆ ಇಪ್ಪತ್ತರಲ್ಲಿ ನಿಫ್ಟಿ ಇಳಿದದ್ದು ಮೂರೇ ದಿನ. ನವೆಂಬರ್ 25ರಂದು 197 ಅಂಶ ಬಿದ್ದಾಗ ನಮ್ಮ ಲೆಕ್ಕದ ಆರ್‌ಎಸ್‌ಐ 88ರಿಂದ 77ರ ಹತ್ತಿರಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಹೋಗಲಿಲ್ಲ. ದೊಡ್ಡ ನಿಧಿಗಳು ಸಾವಿರಾರು ಕೋಟಿಯ ಷೇರುಗಳನ್ನು ಒಂದೇ ದಿನ ಕೊಳ್ಳಲಾರವು, ಕೊಂಡರೆ ತಾವೇ ಬೆಲೆ ಏರಿಸಿದಂತಾಗುತ್ತದೆ. ವಾರಗಟ್ಟಲೆ ಹಂಚಿ ಕೊಳ್ಳುತ್ತವೆ, ಬೆಲೆ ತುಸು ತಗ್ಗಿದಾಗ ಇನ್ನಷ್ಟು ಕೊಳ್ಳುತ್ತವೆ. ಬಲವಾದ ಏರುಗತಿಯಲ್ಲಿ ಇಳಿಕೆಯ ಸಾಲು ತುಂಬದೇ ಇರುವುದಕ್ಕೆ ಈ ನಿರಂತರ ಖರೀದಿ ಒಂದು ದೊಡ್ಡ ಕಾರಣ.

ಡಿಸೆಂಬರ್ 18ರಂದು ನಿಫ್ಟಿ 13,761ರಲ್ಲಿತ್ತು, ನಮ್ಮ ಆರ್‌ಎಸ್‌ಐ ಮತ್ತೆ 86. ಒಳಗಿನ ಸಂಖ್ಯೆಗಳು ಮಾತ್ರ ಬದಲಾಗಿದ್ದವು. ಸರಾಸರಿ ಏರಿಕೆ 97ರಿಂದ 67ಕ್ಕೆ ತಗ್ಗಿತ್ತು, ಸರಾಸರಿ ಇಳಿಕೆಯೂ 16ರಿಂದ 11ಕ್ಕೆ ಬಂದಿತ್ತು. ಓಟದ ವೇಗ ಶೇ 30ರಷ್ಟು ಕುಗ್ಗಿದ್ದರೂ ಸೂಚಕದ ಮುಖದಲ್ಲಿ ಅದರ ಸುಳಿವಿಲ್ಲ. ಪಾಲನ್ನು ಅಳೆಯುವ ಸಾಧನದಿಂದ ವೇಗವನ್ನು ಓದಲು ಹೊರಟರೆ ಆಗುವ ತೊಂದರೆ ಇದು.

ನವೆಂಬರ್ 19ರಂದೇ ಓವರ್‌ಬಾಟ್ ಎಂದು ಷೇರು ಮಾರಿದವರಿಗೆ ಆಮೇಲಿನ ಸುಮಾರು 990 ಅಂಶಗಳ ಏರಿಕೆ ತಪ್ಪಿತು. ಇಳಿಯುತ್ತದೆಂದು ಶಾರ್ಟ್ ಮಾಡಿದವರಿಗೆ ಅಷ್ಟೂ ನಷ್ಟ.

ಇಳಿಕೆ ಬಂತು, ನಿಜ. ಬ್ರಿಟನ್‌ನಲ್ಲಿ ಕೊರೊನಾ ವೈರಸ್‌ನ ಹೊಸ ತಳಿ ಹರಡುತ್ತಿರುವ ಸುದ್ದಿಗೆ ಡಿಸೆಂಬರ್ 21ರ ಸೋಮವಾರ ನಿಫ್ಟಿ 432 ಅಂಶ ಕುಸಿಯಿತು. ಸರಾಸರಿ ಇಳಿಕೆ 11ರಿಂದ ಒಂದೇ ಏಟಿಗೆ 41ಕ್ಕೆ ಹಾರಿತು, ಆರ್‌ಎಸ್‌ಐ 86ರಿಂದ 60ಕ್ಕೆ ಬಿತ್ತು. ಇಳಿಕೆಯ ಸರಾಸರಿ ಸಣ್ಣದಾಗಿದ್ದಷ್ಟೂ ಒಂದು ಕೆಟ್ಟ ದಿನದ ಹೊಡೆತ ಜೋರಾಗಿರುತ್ತದೆ. ಆದರೂ ಆ ದಿನ ನಿಫ್ಟಿ ಮುಗಿದದ್ದು 13,328ರಲ್ಲಿ. ತಿಂಗಳ ಹಿಂದೆ ಮಾರಿದವರ ಬೆಲೆಗಿಂತ ಅದು ಸುಮಾರು 550 ಅಂಶ ಮೇಲೆಯೇ ಇತ್ತು. ಮೂರೇ ದಿನಗಳಲ್ಲಿ ಸೂಚ್ಯಂಕ ಮತ್ತೆ 13,749ಕ್ಕೆ ಬಂತು.

ಇದೇ ಕಥೆ ತಿರುಗಿಯೂ ನಡೆಯುತ್ತದೆ. 2020ರ ಫೆಬ್ರುವರಿ ಕೊನೆಗೆ ನಿಫ್ಟಿ 11,202ಕ್ಕೆ ಇಳಿದಾಗ ಆರ್‌ಎಸ್‌ಐ 30ರ ಕೆಳಗಿತ್ತು, ಅಂದರೆ ‘ಓವರ್‌ಸೋಲ್ಡ್’. ಅಗ್ಗವಾಯಿತೆಂದು ಆಗಲೇ ಕೊಂಡವರು ಮಾರ್ಚ್ 23ರಂದು 7,610 ನೋಡಬೇಕಾಯಿತು.

ಹಾಗಾದರೆ 70 ಮತ್ತು 30ರ ಗೆರೆಗಳು ನಿಷ್ಪ್ರಯೋಜಕವೇ? ಬೆಲೆ ಒಂದು ಮಿತಿಯೊಳಗೆ ಮೇಲೆ ಕೆಳಗೆ ತೂಗಾಡುವ ತಿಂಗಳುಗಳಲ್ಲಿ ಅವು ಸಾಕಷ್ಟು ಕೆಲಸಕ್ಕೆ ಬರುತ್ತವೆ, ಏಕೆಂದರೆ ಅಲ್ಲಿ ಪ್ರತಿ ಏರಿಕೆಯ ಬೆನ್ನಿಗೇ ಇಳಿಕೆ ಬಂದು ಎರಡೂ ಸಾಲು ತುಂಬುತ್ತಿರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಪೇಟೆ ಈಗ ತೂಗಾಡುತ್ತಿದೆಯೋ, ಒಂದೇ ದಿಕ್ಕಿಗೆ ನಡೆಯುತ್ತಿದೆಯೋ ಎಂಬುದು. ವೈಲ್ಡರ್‌ಗೂ ಈ ಪ್ರಶ್ನೆಯ ಅರಿವಿತ್ತು. ಗತಿಯ ಬಲವನ್ನು ಅಳೆಯುವ ಎಡಿಎಕ್ಸ್ ಎಂಬ ಬೇರೆಯದೇ ಸೂಚಕವನ್ನು ಅವರು ಅದೇ ಪುಸ್ತಕದಲ್ಲಿ ಕೊಟ್ಟಿದ್ದಾರೆ.

ಮುಂದೆ ಅಮೆರಿಕದ ಆಂಡ್ರ್ಯೂ ಕಾರ್ಡ್‌ವೆಲ್, ಕಾನ್‌ಸ್ಟನ್ಸ್ ಬ್ರೌನ್ ಮೊದಲಾದವರು ಆರ್‌ಎಸ್‌ಐ ಓದುವ ಕ್ರಮವನ್ನೇ ಬದಲಿಸಿದರು. ಏರುಗತಿಯಲ್ಲಿ ಸೂಚಕ ಎಪ್ಪತ್ತು ದಾಟುವುದು ಸಹಜ, ಅದು ಬಲದ ಗುರುತು. ಗಮನಿಸಬೇಕಾದದ್ದು ಬೆಲೆ ಇಳಿದಾಗ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು. 40ರಿಂದ 50ರ ಆಸುಪಾಸಿನಲ್ಲಿ ನಿಂತು ಮೇಲೆದ್ದರೆ ಏರುಗತಿ ಜೀವಂತ. ಅದನ್ನೂ ಮುರಿದರೆ ಎಚ್ಚರವಿರಬೇಕು. ಡಿಸೆಂಬರ್ 21ರಂದು 60ರಲ್ಲೇ ನಿಂತದ್ದನ್ನು ಈ ಕಣ್ಣಿನಿಂದ ನೋಡಿದ್ದರೆ ಗಾಬರಿಯಾಗಬೇಕಿರಲಿಲ್ಲ. ಎಪ್ಪತ್ತು ಕಂಡೊಡನೆ ಮಾರುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಈ ನಿಯಮವೂ ಕೈಕೊಡುತ್ತದೆ, ಅದಕ್ಕೆ ಬಹಳ ದಿನ ಕಾಯಬೇಕಾಗಲೂ ಇಲ್ಲ. 2021ರ ಜನವರಿ 20ರಂದು 14,645ರಲ್ಲಿದ್ದ ನಿಫ್ಟಿ, ಬಜೆಟ್‌ನ ಆತಂಕದಲ್ಲಿ ಸತತ ಆರು ವಹಿವಾಟಿನ ದಿನ ಇಳಿದು 29ರಂದು 13,635ಕ್ಕೆ ಬಂತು. ನಮ್ಮ ಲೆಕ್ಕವನ್ನು ಅಲ್ಲಿಯವರೆಗೂ ಮುಂದುವರಿಸಿದರೆ ಆರ್‌ಎಸ್‌ಐ 38. ನಲವತ್ತರ ನೆಲ ಕುಸಿದಿತ್ತು. ಅದರ ಮುಂದಿನ ವಹಿವಾಟಿನ ದಿನವಾದ ಫೆಬ್ರುವರಿ 1ರಂದು ಬಜೆಟ್ ಮಂಡನೆಯಾಯಿತು, ನಿಫ್ಟಿ ಒಂದೇ ದಿನ 647 ಅಂಶ ಜಿಗಿಯಿತು, ಸೂಚಕ 55ಕ್ಕೆ ಮರಳಿತು. ಮತ್ತೆರಡು ದಿನಗಳಲ್ಲಿ ಸೂಚ್ಯಂಕ 14,790ರಲ್ಲಿ ಮುಗಿದು, ಜನವರಿಯ ಎತ್ತರವನ್ನೂ ದಾಟಿತು.