ಜರ್ಮನ್ ಕಥನದಲ್ಲಿ ಪೂರ್ವಭೂತ ಮತ್ತು ಘಟನಾಕ್ರಮ: ನಾಖ್‌ಡೇಮ್, ಬೆಫೋರ್, ಆಲ್ಸ್

ಜರ್ಮನ್ ಭಾಷೆಯ ಲಿಖಿತ ಕಥನ ಸಾಮಾನ್ಯವಾಗಿ ಸರಳ ಭೂತದಲ್ಲಿ, ಅಂದರೆ ಪ್ರೆಟೇರಿಟುಮ್‌ನಲ್ಲಿ ಸಾಗುತ್ತದೆ. ಅದಕ್ಕೂ ಹಿಂದಿನ ಘಟನೆಯನ್ನು ಹೇಳಬೇಕಾದಾಗ ಪ್ಲುಸ್ಕ್ವಾಂಪೆರ್ಫೆಕ್ಟ್ ಬರುತ್ತದೆ. ಇಲ್ಲಿ ಅದನ್ನು ಪೂರ್ವಭೂತವೆಂದು ಕರೆಯೋಣ. ಹಾಟೆ ಅಥವಾ ವಾರ್ ಎಂಬ ಸಹಾಯಕ ಕ್ರಿಯಾಪದಕ್ಕೆ ಭೂತಕೃದಂತವು ಸೇರಿ ಈ ರೂಪ ಸಿದ್ಧಿಸುತ್ತದೆ. ನಾಖ್‌ಡೇಮ್ ಎಂದರೆ ‘ಆದ ಮೇಲೆ’, ಬೆಫೋರ್ ಎಂದರೆ ‘ಆಗುವ ಮುನ್ನ’, ಆಲ್ಸ್ ಎಂದರೆ ‘ಆದಾಗ’. ಈ ಮೂರು ಸಂಯೋಜಕಗಳೊಡನೆ ಪೂರ್ವಭೂತವು ಒಂದೇ ಬಗೆಯ ಕೆಲಸ ಮಾಡುವುದಿಲ್ಲ. ವ್ಯಾಕರಣವು ಅದನ್ನು ಕಡ್ಡಾಯವಾಗಿ ಕೇಳುವ ಕಡೆ ಅದರಿಂದ ದೊರೆಯುವ ಮಾಹಿತಿ ಕಡಿಮೆ. ಕಡ್ಡಾಯವಲ್ಲದ ಕಡೆ ಘಟನಾಕ್ರಮವೆಲ್ಲ ಅದನ್ನೇ ಅವಲಂಬಿಸಿರುತ್ತದೆ.

ಆನಾ ಬರುವುದು, ಪೌಲ್ ಹೋಗುವುದು ಎಂಬ ಎರಡೇ ಘಟನೆಗಳನ್ನು ತೆಗೆದುಕೊಳ್ಳೋಣ. ‘ನಾಖ್‌ಡೇಮ್ ಆನಾ ಗೆಕೊಮೆನ್ ವಾರ್, ಗಿಂಗ್ ಪೌಲ್’ ಎಂದರೆ ಆನಾ ಬಂದ ಮೇಲೆ ಪೌಲ್ ಹೋದನು. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಸಂಯೋಜಕವೇ ಹೇಳಿಬಿಟ್ಟಿದೆ. ಹಾಗಿದ್ದರೂ ಪ್ರಧಾನ ವಾಕ್ಯ ಸರಳ ಭೂತದಲ್ಲಿದ್ದರೆ ಉಪವಾಕ್ಯ ಪೂರ್ವಭೂತದಲ್ಲಿರಬೇಕೆಂಬುದು ಶಿಷ್ಟ ಜರ್ಮನ್‌ನ ನಿಯಮ. ಇದನ್ನು ಕಾಲಗಳ ಹೊಂದಾಣಿಕೆ ಎನ್ನುವುದೇ ಸರಿ. ಪ್ರಧಾನ ವಾಕ್ಯ ವರ್ತಮಾನದಲ್ಲಿದ್ದಾಗ ಉಪವಾಕ್ಯವು ಪೆರ್ಫೆಕ್ಟ್‌ಗೆ ಬರುವುದೂ ಇದನ್ನೇ ಸೂಚಿಸುತ್ತದೆ. ಇಲ್ಲಿ ಎರಡು ರೂಪಗಳ ನಡುವಿನ ಅಂತರ ಮುಖ್ಯ, ರೂಪದ ಹೆಸರಲ್ಲ.

ಬೆಫೋರ್ ಬಂದಾಗ ಈ ಒತ್ತಾಯವಿಲ್ಲ. ‘ಬೆಫೋರ್ ಆನಾ ಕಾಮ್, ಗಿಂಗ್ ಪೌಲ್’ ಎಂಬಲ್ಲಿ ಎರಡೂ ಕ್ರಿಯಾಪದಗಳು ಸರಳ ಭೂತದಲ್ಲಿವೆ, ಕ್ರಮವೂ ಸ್ಪಷ್ಟವಾಗಿದೆ. ಪ್ರಧಾನ ವಾಕ್ಯದಲ್ಲಿ ‘ವಾರ್ ಗೆಗಾಂಗೆನ್’ ಎನ್ನಲೂಬಹುದು. ಆಗ ಆನಾ ಬರುವ ಹೊತ್ತಿಗೆ ಪೌಲ್ ಇಲ್ಲವಾಗಿದ್ದ ಸ್ಥಿತಿಗೆ ಒತ್ತು ಬೀಳುತ್ತದೆ. ಕನ್ನಡವು ಇದೇ ವ್ಯತ್ಯಾಸವನ್ನು ಕೃದಂತದಲ್ಲಿ ತೋರಿಸುತ್ತದೆ: ‘ಬಂದ ಮೇಲೆ’, ಆದರೆ ‘ಬರುವ ಮುನ್ನ’. ಮುನ್ನ ಎಂಬುದರ ಹಿಂದಿನ ಘಟನೆ ನಡೆಯದೆಯೂ ಹೋಗಬಹುದೆಂಬುದು ಇಲ್ಲಿ ಗಮನಾರ್ಹ. ಅವನು ಉತ್ತರಿಸುವ ಮುನ್ನ ಅವಳು ಫೋನ್ ಇಟ್ಟಳು ಎಂದರೆ ಉತ್ತರ ಬರಲೇ ಇಲ್ಲ. ಬೆಫೋರ್‌ಗೂ ಈ ಗುಣವಿದೆ, ನಾಖ್‌ಡೇಮ್‌ಗೆ ಇಲ್ಲ.

ನಿಜವಾದ ತೊಡಕು ಇರುವುದು ಆಲ್ಸ್‌ನಲ್ಲಿ. ಅದು ಗತಕಾಲದ ಒಂದು ಸಂದರ್ಭವನ್ನು ತೋರಿಸುತ್ತದೆಯೇ ಹೊರತು ಕ್ರಮವನ್ನು ನಿಶ್ಚಯಿಸುವುದಿಲ್ಲ. ‘ಆಲ್ಸ್ ಆನಾ ಕಾಮ್, ಗಿಂಗ್ ಪೌಲ್’ ಎಂದರೆ ಅವಳು ಬರುತ್ತಿದ್ದಂತೆಯೇ ಅವನು ಹೊರಟನು. ಅವಳನ್ನು ಕಂಡೇ ಹೊರಟನೇನೋ ಎಂಬ ಅನುಮಾನಕ್ಕೂ ಎಡೆಯಿದೆ. ‘ಆಲ್ಸ್ ಆನಾ ಕಾಮ್, ವಾರ್ ಪೌಲ್ ಗೆಗಾಂಗೆನ್’ ಎಂದರೆ ಅವನು ಆಗಲೇ ಹೋಗಿದ್ದನು, ಇಬ್ಬರ ಭೇಟಿಯೇ ಆಗಲಿಲ್ಲ. ‘ಆಲ್ಸ್ ಆನಾ ಗೆಕೊಮೆನ್ ವಾರ್, ಗಿಂಗ್ ಪೌಲ್’ ಎಂದಾಗ ಅವಳ ಆಗಮನ ಮುಗಿದ ಮೇಲೆ ಅವನ ನಿರ್ಗಮನ. ಸಂಯೋಜಕ ಒಂದೇ, ಘಟನೆಗಳೂ ಅವೇ. ಸಹಾಯಕ ಕ್ರಿಯಾಪದ ಯಾವ ವಾಕ್ಯದಲ್ಲಿದೆ ಎಂಬುದೊಂದೇ ಕಥೆಯನ್ನು ಬದಲಿಸುತ್ತದೆ. ರೈಖೆನ್‌ಬಾಖ್ 1947ರಲ್ಲಿ ಮುಂದಿಟ್ಟ ವಿಶ್ಲೇಷಣೆಯ ಮಾತಿನಲ್ಲಿ ಹೇಳುವುದಾದರೆ, ಎರಡನೆಯ ವಾಕ್ಯದಲ್ಲಿ ಆನಾಳ ಆಗಮನವು ಉಲ್ಲೇಖಬಿಂದು. ಪೌಲ್‌ನ ನಿರ್ಗಮನ ಅದರ ಹಿಂದೆ, ಮಾತಿನ ಕ್ಷಣ ಅದರ ಮುಂದೆ.

ಒಂದು ವಾಕ್ಯವನ್ನು ದಾಟಿ ಕಥನಕ್ಕೆ ಬಂದರೆ ಇನ್ನೊಂದು ಸಂಗತಿ ಕಾಣುತ್ತದೆ. ಸಂಜೆ ಆನಾ ಒಬ್ಬಳೇ ಕುಳಿತಿದ್ದಳು (ಜಾಸ್). ಬೆಳಿಗ್ಗೆ ಪತ್ರ ಬಂದಿತ್ತು (ವಾರ್ ಗೆಕೊಮೆನ್). ಅದನ್ನು ಎರಡು ಸಲ ಓದಿದಳು (ಲಾಸ್), ಮೇಜಿನ ಖಾನೆಯಲ್ಲಿಟ್ಟಳು (ಲೇಕ್ಟೆ). ಈಗ ಮತ್ತೆ ಕೈಗೆತ್ತಿಕೊಂಡಳು (ಯೆಟ್ಸ್ಟ್, ನಾಮ್). ಓದಿದ್ದೂ ಇಟ್ಟದ್ದೂ ಬೆಳಗಿನ ಸಂಗತಿಗಳೇ ಆದರೂ ಅವು ಸರಳ ಭೂತದಲ್ಲಿವೆ. ಪೂರ್ವಭೂತವು ಹಿನ್ನೋಟದ ಬಾಗಿಲನ್ನು ತೆರೆದು ಹಿಂದೆ ಸರಿಯುತ್ತದೆ. ಒಳಗಿನ ಘಟನೆಗಳು ತಮ್ಮ ತಮ್ಮ ಕ್ರಮದಲ್ಲಿ ಸಾಗುತ್ತವೆ. ಹೊರಬರಲು ಮಾತ್ರ ‘ಯೆಟ್ಸ್ಟ್’ನಂತಹ ಗುರುತು ಬೇಕು. ಅದನ್ನು ತೆಗೆದರೆ, ಪತ್ರವನ್ನು ಮತ್ತೆ ಎತ್ತಿಕೊಂಡದ್ದು ಬೆಳಿಗ್ಗೆಯೋ ಸಂಜೆಯೋ ಎಂದು ಓದುಗನು ನಿರ್ಧರಿಸಲಾರನು. ಪ್ರತಿ ಕ್ರಿಯಾಪದಕ್ಕೂ ಹಾಟೆ ಹಚ್ಚುವುದು ವ್ಯಾಕರಣದೋಷವಲ್ಲ. ಆದರೆ ಗದ್ಯ ಭಾರವಾಗುತ್ತದೆ, ಹಿನ್ನೋಟದೊಳಗಿನ ಮುನ್ನಡೆಯೂ ಮಸುಕಾಗುತ್ತದೆ.

ಈ ವಿವರಣೆ ಲಿಖಿತ ಶಿಷ್ಟ ಭಾಷೆಗೆ ಸೀಮಿತ. ಆಡುಮಾತಿನಲ್ಲಿ ಸರಳ ಭೂತವು ಬಹುಮಟ್ಟಿಗೆ ಕಣ್ಮರೆಯಾಗಿರುವ ದಕ್ಷಿಣದ ಪ್ರದೇಶಗಳಲ್ಲಿ ‘ಹಾಬೆ ಗೆಗೆಸೆನ್ ಗೆಹಾಬ್ಟ್’ ಎಂಬಂತಹ ಇಮ್ಮಡಿ ಪೆರ್ಫೆಕ್ಟ್ ಇದೇ ಕೆಲಸಕ್ಕೆ ಒದಗುತ್ತದೆ. ಅಲ್ಲಿಯೇ ನಾಖ್‌ಡೇಮ್‌ಗೆ ‘ಆದ್ದರಿಂದ’ ಎಂಬ ಕಾರಣಾರ್ಥವೂ ಉಂಟು. ಆ ಅರ್ಥದಲ್ಲಿ ಪೂರ್ವಭೂತದ ಒತ್ತಾಯ ಸಡಿಲವಾಗುತ್ತದೆ.

ಕನ್ನಡಕ್ಕೆ ಅನುವಾದಿಸುವಾಗ ‘ವಾರ್ ಗೆಗಾಂಗೆನ್’ಗೆ ‘ಹೋಗಿದ್ದನು’ ಎಂದು ಯಾಂತ್ರಿಕವಾಗಿ ಹಾಕುವ ಮೊದಲು ಒಂದು ವ್ಯತ್ಯಾಸವನ್ನು ನೆನಪಿಡಬೇಕು. ‘ನಿನ್ನೆ ಸಂತೆಗೆ ಹೋಗಿದ್ದೆ’ ಎನ್ನುವ ಕನ್ನಡಿಗನಿಗೆ ಇನ್ನೊಂದು ಗತ ಘಟನೆಯ ಆಧಾರ ಬೇಕಿಲ್ಲ. ಹೋಗಿ ಮರಳಿದ್ದೇನೆ ಎಂಬುದಷ್ಟೇ ಅವನ ಮಾತು. ಶಿಷ್ಟ ಜರ್ಮನ್‌ನ ಪೂರ್ವಭೂತ ಆ ಆಧಾರವಿಲ್ಲದೆ ನಿಲ್ಲುವುದು ಕಷ್ಟ. ಹೀಗಾಗಿ ಜರ್ಮನ್ ಕಲಿಯುವ ಕನ್ನಡಿಗನು ಕಥೆಯನ್ನು ‘ವಾರ್ ಗೆಗಾಂಗೆನ್’ ಎಂದು ಆರಂಭಿಸಿದರೆ, ಜರ್ಮನ್ ಕೇಳುಗನು ಮುಂದಿನ ಘಟನೆಗಾಗಿ ಕಾಯುತ್ತಾನೆ.