ಪಾಸ್‌ವರ್ಡ್ ಸರಿ, ಲಾಗಿನ್ ಮಾತ್ರ ಆಗದು

ಒಂದೇ ಪಾಸ್‌ವರ್ಡಿನಿಂದ ಕಚೇರಿಯ ಮೇಲ್, ರಜೆ ಅರ್ಜಿ, ಸಂಬಳದ ಚೀಟಿ ಎಲ್ಲವನ್ನೂ ತೆರೆಯುವ ವ್ಯವಸ್ಥೆಗೆ ಸಿಂಗಲ್ ಸೈನ್-ಆನ್ ಎನ್ನುತ್ತಾರೆ. ಅನೇಕ ದೊಡ್ಡ ಸಂಸ್ಥೆಗಳಲ್ಲಿ ಇದು ನಡೆಯುವುದು ಎಸ್‌ಎಎಂಎಲ್ ಎಂಬ ಮಾನದಂಡದ ಮೇಲೆ. ತಂತ್ರಜ್ಞರ ಬಾಯಲ್ಲಿ ಅದು ‘ಸ್ಯಾಮಲ್’. ಈಗಲೂ ಬಳಕೆಯಲ್ಲಿರುವ ಅದರ 2.0 ಆವೃತ್ತಿಯನ್ನು ಓಯಸಿಸ್ ಸಂಸ್ಥೆ 2005ರಲ್ಲಿ ಹೊರತಂದಿತು. ಈ ವ್ಯವಸ್ಥೆ ಕೈಕೊಟ್ಟಾಗ ತೆರೆಯ ಮೇಲೆ ಕಾಣುವುದು ‘ಲಾಗಿನ್ ವಿಫಲ’ ಎಂಬ ಒಂದು ಸಾಲು ಮಾತ್ರ. ಅದರ ಹಿಂದಿನ ಕಾರಣ ಬಹಳ ಸಲ ಎರಡರಲ್ಲಿ ಒಂದಾಗಿರುತ್ತದೆ: ಯಾವುದೋ ಸರ್ವರಿನ ಗಡಿಯಾರ ತಪ್ಪಿದೆ, ಇಲ್ಲವೇ ಸಹಿಯ ಸರ್ಟಿಫಿಕೇಟ್ ತಾಳೆಯಾಗುತ್ತಿಲ್ಲ.

ಸ್ಯಾಮಲ್‌ನಲ್ಲಿ ಕೆಲಸ ಇಬ್ಬರಲ್ಲಿ ಹಂಚಿಹೋಗಿದೆ. ನೌಕರ ಯಾರೆಂದು ಪರೀಕ್ಷಿಸುವುದು ಐಡಿಪಿ ಎಂಬ ಸರ್ವರ್. ಪಾಸ್‌ವರ್ಡ್ ನೋಡುವುದು ಅದೊಂದೇ. ರಜೆ ಅರ್ಜಿಯ ಆ್ಯಪ್‌ಗೆ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ. ಐಡಿಪಿ ‘ಇವರು ಇಂಥವರು’ ಎಂದು ಒಂದು ಎಕ್ಸ್‌ಎಂಎಲ್ ಪತ್ರ ಬರೆದು, ತನ್ನ ಗುಪ್ತ ಕೀಲಿಯಿಂದ ಸಹಿ ಹಾಕಿ, ನೌಕರನ ಬ್ರೌಸರಿನ ಕೈಗೆ ಕೊಡುತ್ತದೆ. ಈ ಪತ್ರಕ್ಕೆ ಅಸರ್ಷನ್ ಎಂದು ಹೆಸರು. ಬ್ರೌಸರ್ ಅದನ್ನು ಆ್ಯಪ್‌ಗೆ ಮುಟ್ಟಿಸುತ್ತದೆ. ಪತ್ರ ಕೈಸೇರಿದ ಮೇಲೆ ಆ್ಯಪ್ ಮುಖ್ಯವಾಗಿ ಎರಡು ಸಂಗತಿ ನೋಡುತ್ತದೆ: ಪತ್ರದ ಅವಧಿ ಈ ಕ್ಷಣಕ್ಕೆ ಹೊಂದುತ್ತದೆಯೇ, ಸಹಿ ನಿಜವಾದದ್ದೇ. ಬ್ಯಾಂಕಿನವರು ಚೆಕ್ಕಿನ ಸಹಿಯನ್ನು ತಮ್ಮಲ್ಲಿರುವ ಮಾದರಿ ಸಹಿಯೊಡನೆ ಹೋಲಿಸುವಂತೆ, ಆ್ಯಪ್ ಕೂಡ ಮೊದಲೇ ತನ್ನಲ್ಲಿ ಇಟ್ಟುಕೊಂಡ ಐಡಿಪಿಯ ಸರ್ಟಿಫಿಕೇಟಿನಿಂದ ಸಹಿಯನ್ನು ಪರೀಕ್ಷಿಸುತ್ತದೆ.

ಐಡಿಪಿಯ ಪುಟ ದಾಟಿ ಆ್ಯಪ್‌ನ ಪುಟದಲ್ಲಿ ತಪ್ಪು ಕಾಣಿಸಿಕೊಂಡಿತೆಂದರೆ ಪಾಸ್‌ವರ್ಡ್ ಆಗಲೇ ತೇರ್ಗಡೆಯಾಗಿದೆ ಎಂದರ್ಥ. ಹೀಗಿದ್ದೂ ಸಹಾಯವಾಣಿಯವರು ಮೊದಲು ಮಾಡುವುದು ಪಾಸ್‌ವರ್ಡ್ ಬದಲಿಸುವ ಕೆಲಸವನ್ನೇ.

ನೋಡಬೇಕಾದದ್ದು ಪತ್ರವನ್ನು. ಅದು ಬ್ರೌಸರಿನ ಮೂಲಕವೇ ಹಾದುಹೋಗುವುದರಿಂದ ಅಲ್ಲೇ ಹಿಡಿಯಬಹುದು. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ Network ಪುಟ ತೆರೆದು, Preserve log ಗುರುತು ಹಾಕಿ, ಮತ್ತೊಮ್ಮೆ ಲಾಗಿನ್‌ಗೆ ಯತ್ನಿಸಬೇಕು. ಆ್ಯಪ್‌ಗೆ ಹೋದ POST ಕೋರಿಕೆಯೊಳಗೆ SAMLResponse ಎಂಬ ಹೆಸರಿನಲ್ಲಿ ಅಕ್ಷರಗಳ ಉದ್ದನೆಯ ಸರಮಾಲೆ ಸಿಗುತ್ತದೆ. ಅದು ಬೇಸ್64 ರೂಪದಲ್ಲಿರುತ್ತದೆ. ಬಿಡಿಸಿದರೆ ಎಕ್ಸ್‌ಎಂಎಲ್ ಕಾಣುತ್ತದೆ. ಎಸ್‌ಎಎಂಎಲ್-ಟ್ರೇಸರ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಈ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಅಂತರ್ಜಾಲದ ಅಪರಿಚಿತ ತಾಣಗಳಲ್ಲಿ ಇದನ್ನು ಅಂಟಿಸಿ ಬಿಡಿಸುವುದು ಮಾತ್ರ ಒಳ್ಳೆಯದಲ್ಲ. ಅವಧಿ ಮುಗಿಯದ ಅಸರ್ಷನ್ ಬೇರೆಯವರ ಕೈಗೆ ಸಿಕ್ಕರೆ ಅದು ಲಾಗಿನ್ ಚೀಟಿಯೇ ಆದೀತು.

ಒಂದು ಕಲ್ಪಿತ ಉದಾಹರಣೆ. ಬೆಂಗಳೂರಿನ ಒಂದು ಕಂಪನಿ. ಐಡಿಪಿ ಮೈಕ್ರೋಸಾಫ್ಟ್‌ನ ಎಡಿ ಎಫ್‌ಎಸ್. ರಜೆಯ ಆ್ಯಪ್ ರೂಬಿ ಭಾಷೆಯಲ್ಲಿ ಬರೆದದ್ದು, ಮೂರು ಸರ್ವರುಗಳ ಮೇಲೆ ಓಡುತ್ತದೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕೆಲವರಿಗೆ ಲಾಗಿನ್ ಆಗುತ್ತಿದೆ, ಕೆಲವರಿಗೆ ಇಲ್ಲ. ಪಕ್ಕದ ಮೇಜಿನವರು ‘ನನಗೆ ಬರ್ತಿದೆಯಲ್ಲ!’ ಎನ್ನುತ್ತಾರೆ. ವಿಫಲವಾದ ಪತ್ರ ಬಿಡಿಸಿದಾಗ ಕಂಡ ಸಾಲು ಇದು:

```
<Conditions NotBefore="2024-06-10T04:00:12Z"
            NotOnOrAfter="2024-06-10T05:00:12Z">
```

‘ನಾಲ್ಕು ಗಂಟೆ’ ನೋಡಿ ಗಾಬರಿಯಾಗಬೇಕಿಲ್ಲ. ಕೊನೆಯ Z ಎಂದರೆ ಯುಟಿಸಿ. ಐದೂವರೆ ಗಂಟೆ ಕೂಡಿಸಿದರೆ ಭಾರತೀಯ ಕಾಲಮಾನ 9:30:12. ಪತ್ರ ಆ ಕ್ಷಣದಿಂದ ಒಂದು ಗಂಟೆ ಚಾಲ್ತಿಯಲ್ಲಿರಬೇಕು. ಆದರೆ ಆ್ಯಪ್‌ನ ಲಾಗ್‌ನಲ್ಲಿ Current time is earlier than NotBefore condition ಎಂಬ ದೂರಿದೆ, ಸಾಲಿನ ಮುಂದಿರುವ ಸಮಯ 03:58:31. ಎರಡನ್ನೂ ಕಳೆದರೆ 101 ಸೆಕೆಂಡ್. ಆ್ಯಪ್‌ನ ಪಾಲಿಗೆ ಈ ಪತ್ರ ಇನ್ನೂ ಹುಟ್ಟಿಯೇ ಇಲ್ಲ! ಈ ಆ್ಯಪ್ ಬಳಸುವ ರೂಬಿ ಲೈಬ್ರರಿಯಲ್ಲಿ ಗಡಿಯಾರದ ವ್ಯತ್ಯಾಸಕ್ಕೆ ಕೊಡುವ ರಿಯಾಯಿತಿ, ನಾವಾಗಿ ಹೇಳದ ಹೊರತು, ಸೊನ್ನೆ. ಎಡಿ ಎಫ್‌ಎಸ್ ಕೂಡ ತಾನಾಗಿ NotBefore ಹಿಂದಕ್ಕೆ ಸರಿಸುವುದಿಲ್ಲ. ಹಾಗಾಗಿ ಕೆಲವೇ ಸೆಕೆಂಡಿನ ಹಿಂದುಳಿಯುವಿಕೆಯೂ ಸಾಕಾಗುತ್ತದೆ. ಆ್ಯಪ್‌ನ ಗಡಿಯಾರ ಮುಂದಿದ್ದರೆ ದೂರು ತಿರುಗುಮುರುಗಾಗಿ, ಪತ್ರದ ಅವಧಿ ಮುಗಿದಿದೆ ಎಂದು ಬರುತ್ತದೆ.

ತಪ್ಪು ಯಾವ ಗಡಿಯಾರದ್ದು ಎಂಬುದನ್ನು ಎರಡನ್ನೇ ನೋಡಿ ಹೇಳಲಾಗದು. ಮೂರನೆಯ ಸಾಕ್ಷಿ ಬೇಕು. ಲಿನಕ್ಸ್ ಸರ್ವರಿನಲ್ಲಿ `chronyc tracking`, ವಿಂಡೋಸ್‌ನಲ್ಲಿ `w32tm /query /status` ಎಂದು ಕೇಳಿದರೆ ಸಮಯದ ಮೂಲ ಯಾವುದು, ಕೊನೆಯ ಸಲ ಹೊಂದಿಸಿಕೊಂಡದ್ದು ಯಾವಾಗ ಎಂಬುದು ತಿಳಿಯುತ್ತದೆ. ಈ ಉದಾಹರಣೆಯಲ್ಲಿ ಎರಡು ಆ್ಯಪ್ ಸರ್ವರುಗಳು ಸರಿಯಾಗಿವೆ, ಮೂರನೆಯದು ಮಾತ್ರ ಹಿಂದಿದೆ. ಫೈರ್‌ವಾಲ್ ನಿಯಮ ಬದಲಿಸಿದಾಗ ಅದಕ್ಕೆ ಸಮಯ ತರುತ್ತಿದ್ದ ಯುಡಿಪಿ 123ನೇ ಪೋರ್ಟ್ ಮುಚ್ಚಿಹೋಗಿತ್ತು. ಕಂಪ್ಯೂಟರಿನ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್ ವ್ಯತ್ಯಾಸವಾಗುತ್ತದೆ. 101 ಸೆಕೆಂಡ್ ಆಗಲು ಎರಡು ತಿಂಗಳು ಬೇಕು. ಇಂಥ ದೋಷದ ಕಾರಣವನ್ನು ನಿನ್ನೆಯ ಬದಲಾವಣೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕೆಲವರಿಗೆ ಆಗಿ ಕೆಲವರಿಗೆ ಆಗದ್ದಕ್ಕೂ ಉತ್ತರ ಇಲ್ಲೇ ಇದೆ. ಮೂರನೆಯ ಸರ್ವರಿಗೆ ಬಿದ್ದ ಕೋರಿಕೆ ಸೋಲುತ್ತದೆ, ಉಳಿದವು ಗೆಲ್ಲುತ್ತವೆ. ಪಾಸ್‌ವರ್ಡ್ ಬದಲಿಸಿ ಮತ್ತೆ ಯತ್ನಿಸಿದವರು ಬೇರೆ ಸರ್ವರಿಗೆ ಬಿದ್ದು ಒಳಹೋಗುತ್ತಾರೆ, ಕೀರ್ತಿ ಪಾಸ್‌ವರ್ಡಿಗೆ ಸಲ್ಲುತ್ತದೆ. ಗಡಿಯಾರದ ದೋಷ ವಾರಗಟ್ಟಲೆ ಬೈಲಿಗೆ ಬಾರದಿರುವುದು ಹೀಗೆಯೇ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಿದ್ದರೆ ಕಥೆ ಬೇರೆ. ಸರ್ವರಿನ ಕಾಲವಲಯವನ್ನು ಯುಟಿಸಿಯಲ್ಲೇ ಬಿಟ್ಟು, ಗೋಡೆ ಗಡಿಯಾರ ನೋಡಿ ಯಾರೋ ಸಮಯವನ್ನು ಕೈಯಿಂದ ತುಂಬಿದ್ದಾರೆ. ತೆರೆಯ ಮೇಲೆ ಗಂಟೆ ಸರಿಯಾಗಿಯೇ ಕಾಣುತ್ತದೆ, ಒಳಗಿನ ಯುಟಿಸಿ ಮಾತ್ರ ಐದೂವರೆ ಗಂಟೆ ಮುಂದೆ ಓಡಿರುತ್ತದೆ.

ಪರಿಹಾರ ಗಡಿಯಾರವನ್ನು ಸರಿಪಡಿಸುವುದೇ. ಭಾರತದ ಕಂಪನಿಗಳಿಗೆ ಇದು ಕಾನೂನಿನ ಮಾತೂ ಹೌದು: ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರುಗಳಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರುಗಳಿಗೆ ಹೊಂದಿಸಬೇಕೆಂದು ಹೇಳಿದೆ. ಆ್ಯಪ್ ಹೊರಗಿನವರದಾಗಿದ್ದು ಅವರ ಗಡಿಯಾರ ನಮ್ಮ ಕೈಯಲ್ಲಿಲ್ಲದಿದ್ದರೆ, ಐಡಿಪಿ ಕಡೆಯಿಂದ ಕೆಲವು ನಿಮಿಷದ ರಿಯಾಯಿತಿ ಕೊಡಬಹುದು:

```
Set-AdfsRelyingPartyTrust -TargetName "Leave App" -NotBeforeSkew 3
```

ಇದರಿಂದ ಪತ್ರದ ಆರಂಭದ ಸಮಯ ಮೂರು ನಿಮಿಷ ಹಿಂದಕ್ಕೆ ಸರಿಯುತ್ತದೆ. ಶಿಬ್ಬೊಲೆತ್ ತಂತ್ರಾಂಶ ಮೊದಲಿನಿಂದಲೇ ಕೊಡುವ ರಿಯಾಯಿತಿಯೂ ಅಷ್ಟೇ, 180 ಸೆಕೆಂಡ್. ಅದನ್ನು ಗಂಟೆಗಟ್ಟಲೆ ಹಿಗ್ಗಿಸುವುದು ಮೂರ್ಖತನ. ಆ್ಯಪ್ ಕೊಡುವ ರಿಯಾಯಿತಿ ಬೆಳೆದಷ್ಟೂ ಕದ್ದ ಪತ್ರದ ಆಯಸ್ಸೂ ಬೆಳೆಯುತ್ತದೆ.

ಸರ್ಟಿಫಿಕೇಟಿನ ದೋಷದ ಚಹರೆ ಇದಕ್ಕೆ ತದ್ವಿರುದ್ಧ. ಅದು ಒಂದು ಕ್ಷಣದಲ್ಲಿ, ಎಲ್ಲರಿಗೂ, ಎಲ್ಲ ಸರ್ವರುಗಳಲ್ಲೂ ಒಟ್ಟಿಗೇ ಬರುತ್ತದೆ. ಅದೇ ಕಂಪನಿಯಲ್ಲಿ ಸೆಪ್ಟೆಂಬರ್ 16ರ ಸೋಮವಾರ ಒಬ್ಬರಿಗೂ ಲಾಗಿನ್ ಆಗುವುದಿಲ್ಲ. ಲಾಗ್‌ನಲ್ಲಿರುವುದು Invalid Signature on SAML Response. ಆ್ಯಪ್‌ನಲ್ಲಿ ಇಟ್ಟ ಸರ್ಟಿಫಿಕೇಟ್ ತೆಗೆದು ನೋಡಿದರೆ ಅವಧಿ ಸೆಪ್ಟೆಂಬರ್ 30ರವರೆಗಿದೆ. ‘ಇನ್ನೂ ಎರಡು ವಾರ ಇದೆ, ಸರ್ಟಿಫಿಕೇಟ್ ಸಮಸ್ಯೆ ಅಲ್ಲ’ ಎಂದು ಅಲ್ಲಿಗೇ ಕೈಬಿಡುವವರೇ ಹೆಚ್ಚು.

ಎಡಿ ಎಫ್‌ಎಸ್ ತಾನೇ ಸಹಿ ಸರ್ಟಿಫಿಕೇಟ್ ತಯಾರಿಸಿಕೊಳ್ಳುವಂತೆ ಬಿಟ್ಟಿದ್ದರೆ ಅದರ ಅವಧಿ ಒಂದು ವರ್ಷ. ಅವಧಿ ಮುಗಿಯಲು 20 ದಿನ ಇರುವಾಗಲೇ ಅದು ಹೊಸದನ್ನು ಹುಟ್ಟಿಸುತ್ತದೆ. ಐದು ದಿನ ಬಿಟ್ಟು ಹೊಸದನ್ನು ಮುಖ್ಯ ಸ್ಥಾನಕ್ಕೆ ಏರಿಸುತ್ತದೆ. ಅಂದರೆ ಸೆಪ್ಟೆಂಬರ್ 10ರಂದು ಹೊಸದು ಬಂತು, 15ರ ಭಾನುವಾರ ಸಹಿ ಹಾಕತೊಡಗಿತು. ಹಳೆಯದು ಇನ್ನೂ ಚಾಲ್ತಿಯಲ್ಲಿದೆ, ಆದರೆ ಪತ್ರಗಳಿಗೆ ಸಹಿ ಬೀಳುತ್ತಿರುವುದು ಅದರಿಂದಲ್ಲ. ಐಡಿಪಿಯ ಮೆಟಾಡೇಟಾ ಫೈಲನ್ನು ಆಗಾಗ ತಾನೇ ಓದಿಕೊಳ್ಳುವ ಆ್ಯಪ್‌ಗಳಿಗೆ ಈ ಬದಲಾವಣೆ ಗೊತ್ತಾಗಿರುತ್ತದೆ. ಸರ್ಟಿಫಿಕೇಟನ್ನು ಒಮ್ಮೆ ಕೈಯಿಂದ ಅಂಟಿಸಿ ಮರೆತ ಆ್ಯಪ್‌ಗಳು ನಿಂತುಹೋಗುತ್ತವೆ.

ಖಚಿತಪಡಿಸಿಕೊಳ್ಳಲು ಎರಡು ಬೆರಳಚ್ಚುಗಳನ್ನು ಹೋಲಿಸಿದರೆ ಸಾಕು. ಹಿಡಿದ ಪತ್ರದಲ್ಲಿ X509Certificate ಎಂಬ ಭಾಗದೊಳಗೆ ಸಹಿ ಹಾಕಿದ ಸರ್ಟಿಫಿಕೇಟ್ ಸಾಮಾನ್ಯವಾಗಿ ಇರುತ್ತದೆ. ಅದನ್ನು BEGIN CERTIFICATE, END CERTIFICATE ಸಾಲುಗಳ ನಡುವೆ ಒಂದು ಫೈಲಿನಲ್ಲಿ ಇಟ್ಟು, ಆ್ಯಪ್‌ನಲ್ಲಿರುವುದನ್ನು ಇನ್ನೊಂದರಲ್ಲಿ ಇಟ್ಟು, ಎರಡಕ್ಕೂ ಇದನ್ನು ಓಡಿಸಬೇಕು:

```
openssl x509 -in cert.pem -noout -fingerprint -sha1 -dates
```

ಬೆರಳಚ್ಚು ಬೇರೆಬೇರೆಯಾಗಿದ್ದರೆ ಕಾರಣ ಸಿಕ್ಕಿತು. ಎಡಿ ಎಫ್‌ಎಸ್‌ನಲ್ಲಿ Thumbprint ಎಂದು ಕಾಣುವುದು ಶಾ-1 ಲೆಕ್ಕದ 40 ಅಕ್ಷರ. ಅದನ್ನು 64 ಅಕ್ಷರದ ಶಾ-256 ಬೆರಳಚ್ಚಿನೊಡನೆ ಹೋಲಿಸಿದರೆ ಒಂದೇ ಸರ್ಟಿಫಿಕೇಟ್ ಕೂಡ ಎಂದೂ ತಾಳೆಯಾಗದು. ಇನ್ನೊಂದು ಸಾಮಾನ್ಯ ತಪ್ಪು, ಐಡಿಪಿ ಜಾಲತಾಣದ ಟಿಎಲ್‌ಎಸ್ ಸರ್ಟಿಫಿಕೇಟನ್ನೇ ಸಹಿಯದೆಂದು ಭಾವಿಸಿ ಅಂಟಿಸುವುದು. ಬ್ರೌಸರಿನ ಬೀಗದ ಗುರುತಿನ ಹಿಂದಿರುವ ಆ ಸರ್ಟಿಫಿಕೇಟಿಗೂ ಪತ್ರದ ಸಹಿಗೂ ಸಂಬಂಧವಿಲ್ಲ.

ಹೊಸ ಸರ್ಟಿಫಿಕೇಟನ್ನು ಸೋತ ಪತ್ರದಿಂದಲೇ ಕಿತ್ತು ಆ್ಯಪ್‌ನಲ್ಲಿ ಹಾಕುವ ಆಸೆ ಹುಟ್ಟುವುದು ಸಹಜ, ಆದರೆ ಹಾಗೆ ಮಾಡಕೂಡದು. ಪತ್ರ ಬರೆದವರು ಯಾರೇ ಇರಲಿ, ತಮ್ಮದೇ ಸರ್ಟಿಫಿಕೇಟನ್ನು ಅದರಲ್ಲಿ ಇಡಬಲ್ಲರು. ಅದನ್ನು ಐಡಿಪಿಯ ಮೆಟಾಡೇಟಾದಿಂದ ಪಡೆದು, ಐಡಿಪಿ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಬೆರಳಚ್ಚು ಓದಿಸಿಕೊಳ್ಳಬೇಕು. ‘ಸದ್ಯಕ್ಕೆ’ ಎಂದು ಸಹಿ ಪರೀಕ್ಷೆಯನ್ನೇ ಆರಿಸುವುದಂತೂ ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಒಳಬರಲು ಬಾಗಿಲು ತೆಗೆದ ಹಾಗೆ.

ಬಹಳಷ್ಟು ಆ್ಯಪ್‌ಗಳು ಒಂದೇ ಸಮಯಕ್ಕೆ ಎರಡು ಸರ್ಟಿಫಿಕೇಟುಗಳನ್ನು ಒಪ್ಪುತ್ತವೆ. ಅಂಥಲ್ಲಿ ಹಳೆಯದರ ಪಕ್ಕದಲ್ಲಿ ಹೊಸದನ್ನೂ ಮುಂಚಿತವಾಗಿ ಇಟ್ಟರೆ ಬದಲಾವಣೆಯ ದಿನ ಯಾರಿಗೂ ತಿಳಿಯುವುದೇ ಇಲ್ಲ. ಎಡಿ ಎಫ್‌ಎಸ್ ನೋಡಿಕೊಳ್ಳುವವರು ಕ್ಯಾಲೆಂಡರಿನಲ್ಲಿ ಬರೆದಿಡಬೇಕಾದದ್ದು ಸರ್ಟಿಫಿಕೇಟ್ ಮುಗಿಯುವ ದಿನವನ್ನಲ್ಲ, ಅದಕ್ಕೂ 20 ದಿನ ಮುಂಚಿನ ದಿನವನ್ನು. ಹೊಸದನ್ನು ಎಲ್ಲ ಆ್ಯಪ್‌ಗಳಿಗೆ ತಲುಪಿಸಲು ಅಲ್ಲಿಂದ ಐದೇ ದಿನ ಕಾಲಾವಕಾಶ.